500 ಕಿಲೋಹರ್ಟ್ಸ್‌ನಲ್ಲಿ ತ್ರಿಕೋನವಾದ ಸೈನ್ ಅಲೆ: ಸಿಗ್ನಲ್ ಜನರೇಟರ್‌ನ ಔಟ್‌ಪುಟ್ ಹಂತ

ಎಡಿ9833 ಮಾಡ್ಯೂಲ್‌ನಿಂದ ಕಟ್ಟುತ್ತಿರುವ ಸಿಗ್ನಲ್ ಜನರೇಟರ್‌ನಲ್ಲಿ ಡಿಸ್‌ಪ್ಲೇ, ಎನ್‌ಕೋಡರ್, ಪವರ್ ಸಪ್ಲೈ ಎಲ್ಲವೂ ಮುಗಿದಿವೆ. ಅವುಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಈ ಬಾರಿಯ ಬರಹ ಪೂರ್ತಿ ಔಟ್‌ಪುಟ್ ಆಂಪ್ಲಿಫೈಯರ್‌ಗೇ ಮೀಸಲು, ಏಕೆಂದರೆ ನನ್ನನ್ನು ಬಹುಕಾಲ ಕಾಡಿದ ಭಾಗ ಅದೇ, ಮತ್ತು ಅದು ಕೊನೆಗೂ ಬಗೆಹರಿದಿದೆ.

ಈ ಚಿಪ್ ಕೊಡುವ ಸೈನ್ ಅಲೆ ಸುಮಾರು 0.6 ವೋಲ್ಟ್ ಪೀಕ್-ಟು-ಪೀಕ್. ಡಿಸಿ ಭಾಗವನ್ನು ಕೆಪಾಸಿಟರ್‌ನಿಂದ ತಡೆದರೆ ಆಂಪ್ಲಿಫೈಯರ್‌ಗೆ ಸಿಗುವುದು 0.3 ವೋಲ್ಟ್ ಪೀಕ್. ನನಗೆ ಬೇಕಿದ್ದದ್ದು 500 ಕಿಲೋಹರ್ಟ್ಸ್‌ವರೆಗೆ 6 ವೋಲ್ಟ್ ಪೀಕ್, ಅಂದರೆ 20ರ ಗೇನ್. ±12 ವೋಲ್ಟ್ ಸಪ್ಲೈ ಇಟ್ಟು ನಾನ್-ಇನ್ವರ್ಟಿಂಗ್ ಸರ್ಕ್ಯೂಟ್‌ನ ಸಾಕೆಟ್‌ಗೆ ಮೊದಲು ಟಿಎಲ್072, ಅನಂತರ ಎನ್‌ಇ5532 ಹಾಕಿ ನೋಡಿದೆ. ಎರಡೂ ಸೋತವು, ಆದರೆ ಸೋತ ರೀತಿ ಬೇರೆ ಬೇರೆ, ಮತ್ತು ಕಲಿಯಲು ಸಿಕ್ಕಿದ್ದೆಲ್ಲ ಆ ವ್ಯತ್ಯಾಸದಲ್ಲೇ ಇತ್ತು.

ಟಿಎಲ್072ರ ಹಳೆಯ ಡೇಟಾಶೀಟ್ ಪ್ರಕಾರ ಗೇನ್-ಬ್ಯಾಂಡ್‌ವಿಡ್ತ್ 3 ಮೆಗಾಹರ್ಟ್ಸ್, ಸ್ಲ್ಯೂ ರೇಟ್ ಮೈಕ್ರೋಸೆಕೆಂಡಿಗೆ 13 ವೋಲ್ಟ್. 3 ಮೆಗಾಹರ್ಟ್ಸ್ ಅನ್ನು 20ರಿಂದ ಭಾಗಿಸಿದರೆ ಬ್ಯಾಂಡ್‌ವಿಡ್ತ್ 150 ಕಿಲೋಹರ್ಟ್ಸ್ ಮಾತ್ರ. 500 ಕಿಲೋಹರ್ಟ್ಸ್‌ನಲ್ಲಿ ಗೇನ್ 5.75ಕ್ಕೆ ಇಳಿದು, ಔಟ್‌ಪುಟ್ 1.7 ವೋಲ್ಟ್ ಪೀಕ್‌ನ ಆಸುಪಾಸಿಗೆ ಬರಬೇಕು. ಸ್ಕೋಪ್‌ನಲ್ಲಿ ಕಂಡದ್ದೂ ಹಾಗೆಯೇ: ಅಲೆ ಕುಗ್ಗಿತ್ತು, ಇನ್‌ಪುಟ್‌ಗಿಂತ ಸುಮಾರು 70 ಡಿಗ್ರಿ ಹಿಂದೆ ಬಿದ್ದಿತ್ತು, ಆದರೆ ಆಕಾರದಲ್ಲಿ ಅಪ್ಪಟ ಸೈನ್ ಆಗಿಯೇ ಉಳಿದಿತ್ತು.

ಎನ್‌ಇ5532ರಲ್ಲಿ ಗೇನ್-ಬ್ಯಾಂಡ್‌ವಿಡ್ತ್ 10 ಮೆಗಾಹರ್ಟ್ಸ್, ಸ್ಲ್ಯೂ ರೇಟ್ 9 ವೋಲ್ಟ್. ಬ್ಯಾಂಡ್‌ವಿಡ್ತ್ ಲೆಕ್ಕ ಮಾತ್ರ ನಂಬಿದರೆ 500 ಕಿಲೋಹರ್ಟ್ಸ್‌ನಲ್ಲಿ 3 ಡಿಬಿ ಇಳಿದು 4.2 ವೋಲ್ಟ್ ಪೀಕ್ ಸಿಗಬೇಕು. ಸಿಕ್ಕ ಅಲೆ 4 ವೋಲ್ಟನ್ನೂ ಮುಟ್ಟಲಿಲ್ಲ. ಅದರ ಬದಿಗಳು ಸ್ಕೇಲ್ ಇಟ್ಟು ಗೀಚಿದಂತೆ ನೇರವಾಗಿದ್ದವು, ತುದಿಗಳಲ್ಲಷ್ಟೇ ಸ್ವಲ್ಪ ದುಂಡು ಉಳಿದಿತ್ತು. ಕರ್ಸರ್ ಇಟ್ಟು ಅಳೆದಾಗ ಆ ನೇರ ಭಾಗದ ಇಳಿಜಾರು ಮೈಕ್ರೋಸೆಕೆಂಡಿಗೆ 9 ವೋಲ್ಟ್‌ಗೆ ಹತ್ತಿರವೇ ಬಂತು. ಇದು ಸ್ಲ್ಯೂ ರೇಟ್‌ನ ಮಿತಿ ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

ಎರಡನ್ನೂ ಬೇರ್ಪಡಿಸುವ ಸರಳ ಪರೀಕ್ಷೆಯೊಂದಿದೆ. ಫ್ರೀಕ್ವೆನ್ಸಿಯನ್ನು ಮುಟ್ಟದೆ ಇನ್‌ಪುಟ್ ಅನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಬೇಕು. ಟಿಎಲ್072ರಲ್ಲಿ ಔಟ್‌ಪುಟ್ ಕೂಡ ಮೂರನೆಯ ಒಂದು ಭಾಗಕ್ಕೆ ಇಳಿಯಿತು, ಗೇನ್ ಮೊದಲಿನಷ್ಟೇ ಇತ್ತು. ಎನ್‌ಇ5532ರಲ್ಲಿ ಅಲೆ ಮತ್ತೆ ಸೈನ್ ಆಯಿತು, ಗೇನ್ 14ಕ್ಕೆ ಏರಿತು. ಬ್ಯಾಂಡ್‌ವಿಡ್ತ್ ಮಿತಿಗೆ ಸಿಗ್ನಲ್ ಎಷ್ಟು ದೊಡ್ಡದೆಂಬುದು ಲೆಕ್ಕಕ್ಕಿಲ್ಲ, ಸ್ಲ್ಯೂ ಮಿತಿಗೆ ಎಲ್ಲವೂ ಅದೇ.

ಆದರೂ ಒಂದು ಪ್ರಶ್ನೆ ಉಳಿಯಿತು. ಟಿಎಲ್072 ಯಾವ ಫ್ರೀಕ್ವೆನ್ಸಿಯಲ್ಲೂ ಏಕೆ ತ್ರಿಕೋನವಾಗಲಿಲ್ಲ? ಆಪ್-ಆ್ಯಂಪ್‌ನೊಳಗೆ ಇನ್‌ಪುಟ್ ಹಂತವು ತನ್ನ ಎರಡು ಕಾಲುಗಳ ನಡುವಿನ ವ್ಯತ್ಯಾಸ ವೋಲ್ಟೇಜನ್ನು ಕರೆಂಟ್ ಆಗಿ ಪರಿವರ್ತಿಸಿ ಕಾಂಪೆನ್ಸೇಷನ್ ಕೆಪಾಸಿಟರ್‌ಗೆ ತುಂಬುತ್ತದೆ. ಗೇನ್-ಬ್ಯಾಂಡ್‌ವಿಡ್ತ್ ನಿರ್ಧಾರವಾಗುವುದು ಆ ಪರಿವರ್ತನೆಯ ದರ, ಅಂದರೆ gm, ಮತ್ತು ಕೆಪಾಸಿಟರ್‌ನಿಂದ. ಸ್ಲ್ಯೂ ರೇಟ್ ನಿರ್ಧಾರವಾಗುವುದು ಆ ಹಂತ ಕೊಡಬಲ್ಲ ಗರಿಷ್ಠ ಕರೆಂಟ್ ಮತ್ತು ಅದೇ ಕೆಪಾಸಿಟರ್‌ನಿಂದ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಕೆಪಾಸಿಟರ್ ಬಿಟ್ಟುಹೋಗಿ ಒಂದು ವೋಲ್ಟೇಜ್ ಉಳಿಯುತ್ತದೆ:

```
GBW = gm / (2π·C)
SR  = I / C
Vth = SR / (2π·GBW) = I / gm
```

ಇನ್‌ಪುಟ್ ಕಾಲುಗಳ ನಡುವಿನ ವ್ಯತ್ಯಾಸ ಈ Vth ಅನ್ನು ಮೀರಿದಾಗ ಇನ್‌ಪುಟ್ ಹಂತದ ಕರೆಂಟ್ ಪೂರ್ತಿ ಒಂದೇ ಬದಿಗೆ ವಾಲುತ್ತದೆ. ಆಗ ಕೆಪಾಸಿಟರ್ ಒಂದೇ ವೇಗದಲ್ಲಿ ತುಂಬುವುದರಿಂದ ಔಟ್‌ಪುಟ್ ನೇರ ಗೆರೆಯಾಗುತ್ತದೆ. ಎನ್‌ಇ5532ಗೆ ಈ ವೋಲ್ಟೇಜ್ ಸುಮಾರು 0.14, ಟಿಎಲ್072ಗೆ ಸುಮಾರು 0.69. ಸಾದಾ ಬೈಪೋಲಾರ್ ಜೋಡಿಯಲ್ಲಿ ಅದು 50 ಮಿಲಿವೋಲ್ಟ್‌ನಷ್ಟು ಮಾತ್ರ. ಅದೇ ಕರೆಂಟಿಗೆ ಜೆಫೆಟ್‌ನ gm ಬಹಳ ಕಡಿಮೆ, ಆದ್ದರಿಂದಲೇ ಟಿಎಲ್072ರ ಮಿತಿ ಅಷ್ಟು ಮೇಲಿದೆ.

ನಾನ್-ಇನ್ವರ್ಟಿಂಗ್ ಸರ್ಕ್ಯೂಟ್‌ನಲ್ಲಿ ಸೈನ್ ಅಲೆ ಕೊಟ್ಟಾಗ, ಫ್ರೀಕ್ವೆನ್ಸಿ ಎಷ್ಟೇ ಏರಿದರೂ ಎರಡು ಕಾಲುಗಳ ವ್ಯತ್ಯಾಸ ಇನ್‌ಪುಟ್‌ನ ಪೀಕ್ ಅನ್ನು ಮೀರುವುದಿಲ್ಲ. ಹಾಗಾಗಿ ಇನ್‌ಪುಟ್ 0.3 ವೋಲ್ಟ್ ಇರುವವರೆಗೆ ಟಿಎಲ್072 ಸ್ಲ್ಯೂ ಮಿತಿಯನ್ನು ತಲುಪುವುದೇ ಇಲ್ಲ. ಗೇನ್ ಎಷ್ಟು ಎಂಬುದು ಈ ಮಾತಿನಲ್ಲಿ ಬರುವುದೇ ಇಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಸ್ಕೋಪ್‌ನ ಎರಡು ಚಾನಲ್‌ಗಳನ್ನು ಎರಡು ಇನ್‌ಪುಟ್ ಕಾಲುಗಳಿಗೆ ಕೊಟ್ಟು ಕಳೆದು ನೋಡಿದರೆ, 500 ಕಿಲೋಹರ್ಟ್ಸ್‌ನಲ್ಲಿ ಟಿಎಲ್072ರ ವ್ಯತ್ಯಾಸವೇ ಹೆಚ್ಚುಕಡಿಮೆ ಇನ್‌ಪುಟ್‌ನಷ್ಟಿತ್ತು. ಎರಡು ಕಾಲುಗಳ ವೋಲ್ಟೇಜ್ ಸಮ ಎಂಬ ಪಾಠದ ನಿಯಮ ಅಲ್ಲಿ ಪೂರ್ತಿ ಮುರಿದಿದ್ದರೂ ಅಲೆ ಮಾತ್ರ ಶುದ್ಧವಾಗಿಯೇ ಇತ್ತು.

ಇದೇ ಲೆಕ್ಕ ನಕಲಿ ಚಿಪ್ ಹಿಡಿಯಲೂ ನೆರವಾಯಿತು. ಒಂದು ಅಂಗಡಿಯಿಂದ ಅಗ್ಗವಾಗಿ ಬಂದ ಎನ್‌ಇ5532ಗಳಿಗೆ 10 ಕಿಲೋಹರ್ಟ್ಸ್‌ನ ಚೌಕ ಅಲೆ ಕೊಟ್ಟಾಗ, ಔಟ್‌ಪುಟ್ 10 ವೋಲ್ಟ್ ಏರಲು ಆರೇಳು ಮೈಕ್ರೋಸೆಕೆಂಡ್ ಹಿಡಿಯಿತು. ಅಸಲಿಗೆ ಒಂದಕ್ಕಿಂತ ತುಸು ಹೆಚ್ಚು ಸಾಕು. ಆ ನಿಧಾನ 4558 ಜಾತಿಯ ಚಿಪ್‌ಗೆ ಹೊಂದುತ್ತದೆ. ಮೇಲಿನ ಅಕ್ಷರ ಉಜ್ಜಿ ಹೊಸ ಹೆಸರು ಅಚ್ಚು ಹಾಕಿ ಮಾರುವವರ ಮೇಲೆ ನನಗೆ ನಿಜವಾದ ಕೋಪವಿದೆ, ಏಕೆಂದರೆ ಡಿಸಿ ಪರೀಕ್ಷೆಯಲ್ಲಿ ಅಂಥ ಚಿಪ್ ಸಲೀಸಾಗಿ ಪಾಸಾಗುತ್ತದೆ ಮತ್ತು ಹೊಸಬರು ತಮ್ಮ ಸರ್ಕ್ಯೂಟನ್ನೇ ಅನುಮಾನಿಸುತ್ತಾ ಕೂರುತ್ತಾರೆ. ಈ ಬರಹದ ಅಳತೆಗಳೆಲ್ಲ ಅಧಿಕೃತ ವಿತರಕರಿಂದ ತರಿಸಿದ ಚಿಪ್‌ಗಳವು.

ಇನ್ನು ಪರಿಹಾರ. ಗೇನನ್ನು ಎರಡು ಹಂತಗಳಿಗೆ ಹಂಚುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಎನ್‌ಇ5532ರ ಎರಡೂ ಭಾಗಗಳಿಗೆ ನಾಲ್ಕೂವರೆಯಷ್ಟು ಗೇನ್ ಕೊಟ್ಟರೆ ಒಟ್ಟು ಬ್ಯಾಂಡ್‌ವಿಡ್ತ್ 1.4 ಮೆಗಾಹರ್ಟ್ಸ್ ದಾಟುತ್ತದೆ. ಆದರೆ ಸ್ಲ್ಯೂ ರೇಟನ್ನು ಹೀಗೆ ಹಂಚಿಕೊಳ್ಳಲು ಬರುವುದಿಲ್ಲ, ಏಕೆಂದರೆ ಪೂರ್ತಿ ಸ್ವಿಂಗ್ ಹೊರುವುದು ಕೊನೆಯ ಹಂತವೊಂದೇ. 6 ವೋಲ್ಟ್ ಪೀಕ್‌ಗೆ 500 ಕಿಲೋಹರ್ಟ್ಸ್‌ನಲ್ಲಿ 2πfV ಪ್ರಕಾರ ಮೈಕ್ರೋಸೆಕೆಂಡಿಗೆ 18.8 ವೋಲ್ಟ್ ಬೇಕು, ಇರುವುದು 9. ಹೀಗಾಗಿ ಮೊದಲ ಹಂತಕ್ಕೆ 5ರ ಗೇನ್‌ನ ಎನ್‌ಇ5532 ಉಳಿಸಿಕೊಂಡೆ. ಅಲ್ಲಿ ಸ್ವಿಂಗ್ 1.5 ವೋಲ್ಟ್ ಪೀಕ್ ಆದ್ದರಿಂದ 4.7 ಸಾಕು. ಎರಡನೆಯ ಹಂತಕ್ಕೆ 4ರ ಗೇನ್‌ನಲ್ಲಿ ಎಲ್‌ಎಂ318 ಹಾಕಿದೆ. ಹಳೆಯ ಚಿಪ್ ಆದರೂ ಅದಕ್ಕೆ 15 ಮೆಗಾಹರ್ಟ್ಸ್ ಮತ್ತು ಕನಿಷ್ಠ 50 ವೋಲ್ಟ್‌ನ ಸ್ಲ್ಯೂ ಇದೆ. ಲೆಕ್ಕದ ಪ್ರಕಾರ 500 ಕಿಲೋಹರ್ಟ್ಸ್‌ನಲ್ಲಿ 5.8 ವೋಲ್ಟ್ ಪೀಕ್ ಬರಬೇಕು, ಸ್ಕೋಪ್‌ನಲ್ಲೂ ಅಷ್ಟೇ ಬಂತು, ಅದೂ ಚೆಂದದ ಸೈನ್ ಆಗಿ.

ನಡುವೆ ಮುಂದಿನ ಪ್ರಾಜೆಕ್ಟ್‌ನ ಮಾತು: ಬಾವಲಿಗಳ ಕೂಗು ಕೇಳಿಸುವ ಸಾಧನ. ಅಲ್ಲಿ ಸಮಸ್ಯೆ ತಲೆಕೆಳಗು. ಮೈಕ್‌ನಿಂದ ಬರುವುದು ಒಂದು ಮಿಲಿವೋಲ್ಟ್‌ಗೂ ಕಡಿಮೆಯಾದ್ದರಿಂದ Vth ದಾಟುವ ಪ್ರಶ್ನೆಯೇ ಇಲ್ಲ. ಆದರೆ 50 ಕಿಲೋಹರ್ಟ್ಸ್‌ನಲ್ಲಿ 1000ದ ಗೇನ್ ಒಂದೇ ಹಂತದಲ್ಲಿ ಬೇಕೆಂದರೆ 50 ಮೆಗಾಹರ್ಟ್ಸ್ ಇದ್ದರೂ 3 ಡಿಬಿ ಇಳಿದಿರುತ್ತದೆ. ಅಲ್ಲಿ ಹತ್ತತ್ತರ ಗೇನ್‌ನ ಮೂರು ಹಂತಗಳು ಬರಲಿವೆ.

ಎಲ್‌ಎಂ318 ಬ್ರೆಡ್‌ಬೋರ್ಡ್ ಮೇಲೆ ಸುಮ್ಮನಿರುವ ಚಿಪ್ ಅಲ್ಲ. ಸಪ್ಲೈ ಕಾಲುಗಳಿಗೆ ಅಂಟಿಕೊಂಡಂತೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್‌ಗಳು, ಫೀಡ್‌ಬ್ಯಾಕ್‌ಗೆ 3 ಕಿಲೋಓಮ್, ಅದರ ಜೊತೆಗೆ 5 ಪಿಕೋಫ್ಯಾರಡ್, ಕೆಳಗೆ ತಾಮ್ರದ ಗ್ರೌಂಡ್ ಇಟ್ಟ ಮೇಲೆ ಅದು ಆಸಿಲೇಟ್ ಆಗುವುದನ್ನು ಬಿಟ್ಟಿತು. ಒಂದು ಮೀಟರ್ ಕೋಆಕ್ಸ್ ಕೇಬಲ್ ಸಿಕ್ಕಿಸಿದಾಗ ಚೌಕ ಅಲೆಯ ಅಂಚಿನಲ್ಲಿ ರಿಂಗಿಂಗ್ ಕಾಣಿಸಿತು. ಔಟ್‌ಪುಟ್‌ಗೆ 47 ಓಮ್ ಸರಣಿಯಲ್ಲಿ ಸೇರಿಸಿದ ಮೇಲೆ ಅದು ಬಹುತೇಕ ಅಡಗಿದೆ. ಉಳಿದಷ್ಟನ್ನು ಪಿಸಿಬಿ ಬಂದ ಮೇಲೆ ಅಳೆದು ಬರೆಯುತ್ತೇನೆ.