ಸಾಲುಮನೆ: ಎರಡು ಸೋಲು, ಒಂದು ನಡೆ ತಡವಾಗಿ ಗೊತ್ತಾಯ್ತು

ಭಾನುವಾರ, 12 ಮೇ 2024

ಮಧ್ಯಾಹ್ನ ಮಳೆ ಬಂತು, ಕರೆಂಟು ಹೋಯ್ತು. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ದೊಡ್ಡಮ್ಮ ಸುಮ್ನೆ ಕೂತಿರೋ ಜನ ಅಲ್ಲ. ಸೀಮೆಸುಣ್ಣ ತಂದು ಹಜಾರದ ನೆಲದ ಮೇಲೆ ಒಂದರೊಳಗೊಂದು ಮೂರು ಚೌಕ ಬರೆದರು, ನಾಲ್ಕೂ ಬದಿಯ ನಡುವೆ ಗೆರೆ ಎಳೆದು ಮೂರನ್ನೂ ಸೇರಿಸಿದರು. ಸಾಲುಮನೆ ಆಟ. ಹಳೇ ದೇವಸ್ಥಾನದ ಕಲ್ಲುಹಾಸಿನ ಮೇಲೆ ಕೆತ್ತಿರೋದನ್ನು ನೋಡಿರ್ತೀರಿ. ಇಂಗ್ಲಿಷಿನವರು ನೈನ್ ಮೆನ್ಸ್ ಮಾರಿಸ್ ಅಂತಾರೆ. ನನಗೆ ಒಂಬತ್ತು ಹುಣಸೆ ಬೀಜ, ಅವರಿಗೆ ಒಂಬತ್ತು ಅವರೆಕಾಳು.

ಮುಂದೆ ಹೇಳೋದು ಅರ್ಥ ಆಗಬೇಕಾದರೆ ಮನೆಗಳಿಗೆ ನಂಬರ್ ಬೇಕು. ಇದು ನಾನೇ ಕೊಟ್ಟಿದ್ದು:

```
1-----------2-----------3
|           |           |
|   4-------5-------6   |
|   |       |       |   |
|   |   7---8---9   |   |
|   |   |       |   |   |
10--11--12      13--14--15
|   |   |       |   |   |
|   |   16--17--18  |   |
|   |       |       |   |
|   19------20------21  |
|           |           |
22----------23----------24
```

ನಿಯಮ ಗೊತ್ತಿಲ್ಲದವರಿಗೆ ಎರಡೇ ಮಾತು. ಮೊದಲು ಒಬ್ಬರಾದ ಮೇಲೆ ಒಬ್ಬರು ಕಾಯಿ ಇಡೋದು. ಎಲ್ಲ ಇಟ್ಟಾದ ಮೇಲೆ ಗೆರೆ ಹಿಡಿದು ಪಕ್ಕದ ಖಾಲಿ ಮನೆಗೆ ನಡೆಸೋದು. ಒಂದೇ ಗೆರೆಯಲ್ಲಿ ಮೂರು ಕಾಯಿ ಸೇರಿದರೆ ಸಾಲು, ಆಗ ಎದುರಾಳಿಯ ಒಂದು ಕಾಯಿ ಕೀಳಬಹುದು, ಆದರೆ ಸಾಲಿನಲ್ಲಿ ಇರೋದನ್ನು ಮುಟ್ಟೋ ಹಾಗಿಲ್ಲ (ಬೇರೆ ಕಾಯಿಯೇ ಇಲ್ಲದಿದ್ದರೆ ಮಾತ್ರ ಮುಟ್ಟಬಹುದು). ಮೂರೇ ಕಾಯಿ ಉಳಿದವರು ಗೆರೆ ಬಿಟ್ಟು ಯಾವ ಖಾಲಿ ಮನೆಗಾದರೂ ಹಾರಬಹುದು. ಎರಡಕ್ಕೆ ಇಳಿದವರು ಸೋತರು, ನಡೆಸೋಕೆ ದಾರಿಯೇ ಇಲ್ಲದವರೂ ಸೋತರು.

ಮೊದಲ ಆಟದಲ್ಲಿ ನಾನು ಸೋತಿದ್ದು ಆ ಕೊನೇ ರೀತಿಯಲ್ಲಿ. ಅದೂ ಸಾಲು ಮಾಡಿಕೊಂಡೇ!

ಕಾಯಿ ಇಡುವಾಗಲೇ 1, 2, 3ರಲ್ಲಿ ನನ್ನ ಸಾಲು ಆಯ್ತು. ಅವರ ಒಂದು ಕಾಳು ಕಿತ್ತೆ, ಖುಷಿಯಾಗಿ ಕೂತೆ. ದೊಡ್ಡಮ್ಮ ಏನೂ ಅನ್ನಲಿಲ್ಲ. 5ರಲ್ಲಿ ಒಂದು ಇಟ್ಟರು, 10ರಲ್ಲಿ ಒಂದು, ಸ್ವಲ್ಪ ಹೊತ್ತಾದ ಮೇಲೆ 15ರಲ್ಲಿ ಒಂದು. ಈಗ ಪಟ ನೋಡಿ. 1ರಿಂದ ಹೊರಗೆ ಹೋಗೋಕೆ 10 ಒಂದೇ ದಾರಿ, 2ರಿಂದ 5, 3ರಿಂದ 15. ಮೂರೂ ಮುಚ್ಚಿತು. ಸಾಲನ್ನು ಬಿಡಿಸಿ ಮತ್ತೆ ಸೇರಿಸಿದರೆ ತಾನೇ ಇನ್ನೊಂದು ಕಾಯಿ ಸಿಗೋದು? ಬಿಡಿಸೋಕೇ ಆಗದ ಸಾಲು ಇದ್ದೂ ಇಲ್ಲದ ಹಾಗೆ. ಅವರಿಗೆ ಆ ಮೂರನ್ನು ಕೀಳೋ ಹಾಗಿಲ್ಲ, ನಿಜ, ಆದರೆ ಕೀಳೋ ಅಗತ್ಯವೂ ಇರಲಿಲ್ಲ.

ಮೂರು ಕಾಯಿ ಹೀಗೆ ಕೂತುಬಿಟ್ಟರೆ ಪ್ರತಿ ಸರದಿಯಲ್ಲೂ ಉಳಿದ ಆರರಲ್ಲೇ ಒಂದನ್ನು ಎತ್ತಬೇಕು. ಇಷ್ಟವಿಲ್ಲದಿದ್ದರೂ ಎತ್ತಬೇಕು, ಏಕೆಂದರೆ ಈ ಆಟದಲ್ಲಿ ಸರದಿ ಬಿಟ್ಟುಕೊಡೋ ಹಾಗಿಲ್ಲ. ಒಳ್ಳೇ ಜಾಗದಲ್ಲಿ ಅಡ್ಡ ನಿಂತಿದ್ದ ಕಾಯಿಯನ್ನೇ ಎತ್ತಿ ದಾರಿ ಬಿಟ್ಟೆ, ಅವರು ಸಾಲು ಮಾಡಿದರು, ನನ್ನದು ಒಂದು ಹೋಯ್ತು. ಹೀಗೇ ನಾಲ್ಕು ಹೋದವು. ಕೊನೆಗೆ ನನ್ನ ಹತ್ತಿರ ಇದ್ದದ್ದು 1, 2, 3, ಮತ್ತೆ ಕೆಳಗಿನ ಮೂಲೆಗಳು 22, 24. ದೊಡ್ಡಮ್ಮ 23ಕ್ಕೆ ಒಂದು ಕಾಳು ತಂದು ನಿಲ್ಲಿಸಿದರು. 5, 10, 15, 23. ನಾಲ್ಕೇ ಕಾಳು, ನನ್ನ ಐದೂ ಬೀಜಕ್ಕೆ ಬೀಗ.

"ಮೂಲೆ ಸೇರ್ಕೊಂಡ್ರೆ ಮನೆ ಸಿಕ್ತು ಅನ್ಕೊಂಡ್ಯಾ? ಮೂಲೇಲಿ ಬಾಗಿಲು ಕಮ್ಮಿ ಕಣೇ" ಅಂದರು.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಒಟ್ಟು 24 ಮನೆ. ಅದರಲ್ಲಿ 12 ಮೂಲೆಗಳು, ಅಲ್ಲಿಂದ ಎರಡೇ ದಾರಿ. ನಾಲ್ಕು ದಾರಿ ಇರೋದು ನಾಲ್ಕೇ ಮನೆಗೆ: ನಡುಚೌಕದ 5, 11, 14, 20. ಉಳಿದ ಎಂಟಕ್ಕೆ ಮೂರು ಮೂರು. ನಾನು ಇಷ್ಟು ವರ್ಷ ಮೂಲೆಯಿಂದಲೇ ಶುರು ಮಾಡ್ತಿದ್ದೆ, ಸಾಲು ಬೇಗ ಕಾಣುತ್ತೆ ಅಂತ. ದೊಡ್ಡಮ್ಮ ಮೊದಲ ಎರಡು ಕಾಳನ್ನು ಯಾವಾಗಲೂ ಆ ನಾಲ್ಕು ಕೂಡುಗಳಲ್ಲೇ ಇಡೋದು. ಕಾಯಿ ಇಡುವಾಗ ಅವರು ಸಾಲಿನ ಆಸೆಗೆ ಬೀಳೋದು ಕಡಿಮೆ, ನನ್ನದನ್ನು ತಡೀತಾ ತಮ್ಮ ಕಾಯಿಗೆ ಪಕ್ಕದಲ್ಲಿ ಖಾಲಿ ಮನೆ ಉಳಿಸಿಕೊಳ್ತಾರೆ ಅಷ್ಟೇ.

ಎರಡನೇ ಆಟದಲ್ಲಿ ನಾನೂ ಹಾಗೇ ಆಡಿದೆ. 5 ಹಿಡಿದೆ, ಆಮೇಲೆ 4, 6, 1, 3. ಇದು ನನಗೆ ತುಂಬಾ ಇಷ್ಟದ ಜೋಡಣೆ. 5ರ ಕಾಯಿ 2ಕ್ಕೆ ಹೋದರೆ 1-2-3 ಸಾಲು. ವಾಪಸ್ 5ಕ್ಕೆ ಬಂದರೆ 4-5-6 ಸಾಲು. ಹೋದರೂ ಒಂದು, ಬಂದರೂ ಒಂದು. ದೊಡ್ಡಮ್ಮನ ಮೂರು ಕಾಳು ಹೀಗೇ ಎದ್ದವು.

ಆದರೆ ಇದಕ್ಕೂ ಒಂದು ಕಿಂಡಿ ಇದೆ. ನನ್ನ ಕಾಯಿ 5ರಲ್ಲಿ ಇರುವಾಗ 2 ಖಾಲಿ, ಆದರೆ 2ರ ಸುತ್ತ 1, 3, 5 ಮೂರೂ ನನ್ನವೇ, ಅಲ್ಲಿಗೆ ಅವರು ಬರೋಕೆ ಆಗಲ್ಲ. ನನ್ನ ಕಾಯಿ 2ಕ್ಕೆ ಹೋದಾಗ ಖಾಲಿ ಆಗೋದು 5. ಅದಕ್ಕೆ ಒಳಗಡೆಯಿಂದ, 8ರಿಂದ, ಬಾಗಿಲು ಇದೆ. ದೊಡ್ಡಮ್ಮ ಒಂದು ಕಾಳನ್ನು 9ರಿಂದ 8ಕ್ಕೆ ತಂದರು. ಆಗ 2ಕ್ಕೆ ಹೋಗಿ ಸಾಲು ಮಾಡಿದಾಗ ಆ 8ರ ಕಾಳನ್ನೇ ಕೀಳಬೇಕಿತ್ತು, ನಾನು ಎಲ್ಲೋ ಕೆಳಗಿದ್ದ ಇನ್ನೊಂದನ್ನು ಕಿತ್ತೆ. ಅವರು ತಕ್ಷಣ 5ಕ್ಕೆ ಬಂದು ಕೂತರು. ಯಂತ್ರ ನಿಂತಿತು.

ಆದರೂ ಆಟ ನನ್ನ ಕಡೆಗೇ ಇತ್ತು. ಎಳೆದಾಡಿ ಅವರದು ಇನ್ನೆರಡು ಬಿದ್ದವು, ನನ್ನದೂ ಎರಡು ಹೋದವು. ಕೊನೆಗೆ ನಿಂತಿದ್ದು ಹೀಗೆ. ನನ್ನ ಏಳು: 1, 3, 5, 19, 20, 22, 24. ಅವರ ನಾಲ್ಕು: 7, 16, 15, 21. ಸರದಿ ನನ್ನದು.

ನನಗೆ ಎರಡು ಸಾಲು ರೆಡಿ ಇತ್ತು. 5ರಿಂದ 2ಕ್ಕೆ ಹೋದರೆ ಮೇಲಿನ ಸಾಲು, 20ರಿಂದ 23ಕ್ಕೆ ಹೋದರೆ ಕೆಳಗಿನ ಸಾಲು. ಯಾರಾದರೂ ಕಾಯ್ತಾರಾ? 23ಕ್ಕೆ ಇಳಿಸಿದೆ, ಸಾಲು ಅಂದೆ, 21ರ ಕಾಳು ನನ್ನ 20ಕ್ಕೆ ಕಿರಿಕಿರಿ ಮಾಡ್ತಿತ್ತು ಅಂತ ಅದನ್ನೇ ಕಿತ್ತೆ.

ಅವರಿಗೆ ಮೂರು ಉಳೀತು. ಅಂದರೆ ಹಾರೋಕೆ ಶುರು.

7 ಮತ್ತು 16 ಅವರವೇ, ಒಂದೇ ಗೆರೆಯಲ್ಲಿ, ನಡುವಿನ 12 ಖಾಲಿ. ಅಲ್ಲಿಯವರೆಗೆ ನಾನು ಆ 12ರ ಬಗ್ಗೆ ತಲೆಯೇ ಕೆಡಿಸಿಕೊಂಡಿರಲಿಲ್ಲ, ಏಕೆಂದರೆ ಅವರ ಉಳಿದ ಕಾಳುಗಳು ಪಟದ ಆ ಕಡೆ ಇದ್ದವು, ನಡೆದುಕೊಂಡು ಬರೋಕೆ ನಾಲ್ಕೈದು ಸರದಿ ಬೇಕು. ಹಾರೋರಿಗೆ ದೂರ ಅನ್ನೋದೇ ಇಲ್ಲ ಅಲ್ವಾ. 15ರ ಕಾಳು ಹಾರಿ 12ಕ್ಕೆ ಬಂತು. ಸಾಲು. ಅವರು ಕಿತ್ತಿದ್ದು ನನ್ನ 1, ಮೇಲಿನ ಸಾಲಿನ ಆಸೆಯೂ ಅದರ ಜೊತೆಗೇ ಹೋಯ್ತು.

ನಾನು ಕೆಳಗಿನ ಸಾಲು ಬಿಡಿಸಿ 23ರಿಂದ 20ಕ್ಕೆ ಹತ್ತಿದೆ, ಮತ್ತೆ ಇಳಿಯೋಣ ಅಂತ. ಅವರು 16ರ ಕಾಳು ಎತ್ತಿ 23ರಲ್ಲೇ ಇಟ್ಟರು! ನನ್ನ ಸಾಲಿಗೂ ಅಡ್ಡ, ಮುಂದಿನ ಸರದಿಗೆ ವಾಪಸ್ 16ಕ್ಕೆ ಹಾರಿದರೆ ಅವರದೂ ಸಾಲು. ಒಂದೇ ನಡೆಗೆ ಎರಡು ಕೆಲಸ. 16ಕ್ಕೆ ಅಡ್ಡ ನಿಲ್ಲೋಣ ಅಂದರೆ ಅದರ ಪಕ್ಕ 12 ಮತ್ತು 17 ಎರಡೇ, ಎರಡರಲ್ಲೂ ನನ್ನ ಕಾಯಿ ಇಲ್ಲ. 5ನ್ನು ಸುಮ್ನೆ 8ಕ್ಕೆ ಸರಿಸಿದೆ. ಅವರು ಹಾರಿ ಹೋಗಿ ನನ್ನ 20 ಕಿತ್ತರು. ಏಳು ಕಾಯಿ ಇದ್ದವಳು ಐದಕ್ಕೆ ಬಂದೆ, ಮೂರು ಕಾಯಿಯವರು ಮೂರರಲ್ಲೇ ಇದ್ದರು. ಉಳಿದದ್ದು ಬರೆಯೋಕೆ ಮನಸ್ಸಿಲ್ಲ.

ರಾತ್ರಿ ಊಟ ಆದ ಮೇಲೆ ಕರೆಂಟು ಬಂತು, ಆದರೆ ನಾನು ಪಟ ಬಿಟ್ಟು ಏಳಲಿಲ್ಲ. ಅದೇ ಜಾಗಗಳಲ್ಲಿ ಮತ್ತೆ ಬೀಜ ಇಟ್ಟು ನೋಡಿದೆ. 21ರ ಬದಲು 7 ಅಥವಾ 16 ಕಿತ್ತಿದ್ದರೆ? ಅವರ ಜೋಡಿ ಒಡೀತಿತ್ತು, ಹಾರಿದ ತಕ್ಷಣ ಸಾಲು ಆಗ್ತಿರಲಿಲ್ಲ. ಆದರೆ ಅವರು ಒಂದನ್ನು ಹಾರಿಸಿ 2ರಲ್ಲಿ ಅಡ್ಡ ಇಡ್ತಿದ್ದರು, ಆಟ ಎಳೀತಿತ್ತು. ಹಾರೋರ ಎದುರು ಒಂದು ಸಾಲಿನ ಬೆದರಿಕೆ ಸಾಲದು, ಒಂದನ್ನು ಅವರು ಯಾವಾಗಲೂ ತಡೀತಾರೆ. ಅವರು ಮೂರಕ್ಕೆ ಇಳಿಯೋ ಹೊತ್ತಿಗೆ ನನ್ನ ಕೈಯಲ್ಲಿ ಇನ್ನೂ ಎರಡು ಬೇಕು. ಅಂದರೆ ಒಟ್ಟು ಮೂರು.

ಮೂರನೆಯದು ಎಲ್ಲಿ? ಹತ್ತು ನಿಮಿಷ ನೋಡಿದ ಮೇಲೆ ಕಾಣಿಸ್ತು. 1 ಮತ್ತು 22 ನನ್ನವೇ, ನಡುವೆ 10 ಖಾಲಿ. 19ರಲ್ಲಿ ಕೆಲಸವಿಲ್ಲದೆ ಕೂತಿದ್ದ ಬೀಜವನ್ನು 11ಕ್ಕೆ ಹತ್ತಿಸಿದರೆ ಸಾಕು, ಮುಂದಿನ ನಡೆಗೆ 10 ಸಿಗುತ್ತೆ. ಹಾಗೆ ಒಂದು ಸರದಿ ಕಾದರೆ ಅವರು ಕೆಡಿಸಬಹುದಾ ಅಂತ ನೋಡಿದೆ. 2, 10, 23 ಈ ಮೂರು ಖಾಲಿ ಮನೆಗಳ ಸುತ್ತ ಇರೋದೆಲ್ಲ ನನ್ನ ಕಾಯಿಗಳೇ. ನಾಲ್ಕು ಕಾಳು ಇರೋವರೆಗೆ ಅವರು ಗೆರೆ ಹಿಡಿದೇ ನಡೀಬೇಕು, ಆದ್ದರಿಂದ ಒಂದಕ್ಕೂ ಬರೋಕೆ ಆಗಲ್ಲ. ಕಾದರೆ ನಷ್ಟವೇ ಇರಲಿಲ್ಲ.

ಆಮೇಲೆ ಯಾವ ಸಾಲನ್ನು ಮೊದಲು ಮುಚ್ಚಬೇಕು ಅನ್ನೋದೂ ಮುಖ್ಯ. 23ಕ್ಕೆ ಇಳಿಸಿದರೆ 1ರ ಬೀಜ ಬಯಲಲ್ಲಿ ಉಳಿಯುತ್ತೆ, ಅವರು ಹೇಗೋ ಸಾಲು ಮಾಡಿ ಅದನ್ನು ಕಿತ್ತರೆ ನನ್ನ ಉಳಿದ ಎರಡೂ ಸಾಲು ಒಟ್ಟಿಗೇ ಹೋಗ್ತವೆ. ಆದ್ದರಿಂದ ಮೊದಲು 10. ಆಗ 1, 10, 22 ಮೂರೂ ಸಾಲಿನೊಳಗೆ ಭದ್ರ, ಉಳಿದ ಎರಡು ಬೆದರಿಕೆಗೆ ಒಂದಕ್ಕೊಂದು ಸಂಬಂಧವಿಲ್ಲ. ಅವರು ಹಾರಿ 2ಕ್ಕೆ ಅಡ್ಡ ಬಂದರೆ ನಾನು 23, 23ಕ್ಕೆ ಬಂದರೆ 2. ಅಡ್ಡ ಬರದೆ ತಾವೇ ಸಾಲು ಮಾಡಿ ನನ್ನದೊಂದನ್ನು ಕಿತ್ತರೂ ಒಂದೇ ಬೆದರಿಕೆ ಸಾಯೋದು, ಇನ್ನೊಂದನ್ನು ಮುಚ್ಚಿ ಮೂರರಲ್ಲಿ ಒಂದು ಕೀಳ್ತೀನಿ. ಆಟ ಮುಗೀತು.

ಸ್ವಿಟ್ಜರ್ಲೆಂಡಿನ ರಾಲ್ಫ್ ಗ್ಯಾಸರ್ ಅನ್ನೋರು 1993ರಲ್ಲಿ ಈ ಆಟವನ್ನು ಕಂಪ್ಯೂಟರಿನಲ್ಲಿ ಪೂರ್ತಿ ಬಿಡಿಸಿ, ಇಬ್ಬರೂ ತಪ್ಪು ಮಾಡದಿದ್ದರೆ ಯಾರೂ ಗೆಲ್ಲಲ್ಲ, ಸಮ ಆಗುತ್ತೆ ಅಂತ ತೋರಿಸಿದಾರೆ. ಇದನ್ನು ದೊಡ್ಡಮ್ಮನಿಗೆ ಹೇಳಿದೆ. "ತಪ್ಪು ಮಾಡ್ದೆ ಇರೋರು ಯಾರು ಬರ್ತಾರೆ ನಮ್ಮನೆಗೆ?" ಅಂದರು.

ಆಮೇಲೆ ಪಟ ತೋರಿಸಿ, ನನ್ನ ಏಳು ಬೀಜ, ಅವರ ನಾಲ್ಕು ಕಾಳು, ಮಧ್ಯಾಹ್ನದ್ದೇ ಆಟ, ಇಲ್ಲಿಂದ ಆಡೋಣ ಅಂದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ನಾನು 19ರ ಬೀಜ ಎತ್ತಿ 11ರಲ್ಲಿ ಇಟ್ಟೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರೆಕಾಳನ್ನೆಲ್ಲ ಅಂಗೈಗೆ ಬಳಿದುಕೊಂಡು, "ನಾಳೆ ಸಾರಿಗೆ ನೆನೆ ಹಾಕ್ಬೇಕು, ಕೊಡಿಲ್ಲಿ" ಅಂತ ಅಡುಗೆಮನೆಗೆ ಹೋದರು.