"ಖಾಡಾ ಹಾಕಿದ್ರ ರೊಕ್ಕ ತಾನಾ ಕಡಿಮಿ ಆಗ್ಬೇಕು, ಅಷ್ಟ"

ಪುಣೆಯಲ್ಲಿ ನಮ್ಮದು ನಾಲ್ಕು ಜನರ ಸಣ್ಣ ಸಾಫ್ಟ್‌ವೇರ್ ಆಫೀಸು. ಕ್ಲೈಂಟ್ ಹತ್ರ ಮಾತಾಡೋದು ನಾನು, ಕೋಡ್ ಬರೆಯೋದು ಒಬ್ಬ ಮರಾಠಿ ಹುಡುಗ, ಅವನಿಗೆ ಕನ್ನಡ ಬರಲ್ಲ. ಹೋದ ವರ್ಷ ವಿಜಯಪುರ ಕಡೆಯ ಒಬ್ಬ ಅಕ್ಕಾರು ನಮಗೆ ಸಿಕ್ಕರು, ಇಲ್ಲೇ ಖಾನಾವಳಿ ನಡೆಸ್ತಾರೆ, ಜೋಳದ ರೊಟ್ಟಿ ಊಟ, ಹೆಚ್ಚಾಗಿ ತಿಂಗಳ ಲೆಕ್ಕದ ಗಿರಾಕಿಗಳು. ವಾಟ್ಸಾಪ್‌ನಲ್ಲಿ ಬಂದ ಒಂದು ವಾಯ್ಸ್ ಮೆಸೇಜೇ ಅವರ ಪೂರ್ತಿ ಬ್ರೀಫು: "ತಮ್ಮಾ, ಒಂದು ಆ್ಯಪ್ ಮಾಡಿಕೊಡು. ಹುಡುಗ್ರು ಖಾಡಾ ಹಾಕಿದ್ರ ರೊಕ್ಕ ತಾನಾ ಕಡಿಮಿ ಆಗ್ಬೇಕು, ಅಷ್ಟ."

ಪುಣೆಯಲ್ಲಿ ಮೆಸ್ ಊಟ ಮಾಡಿದವರಿಗೆ ಖಾಡಾ ಗೊತ್ತಿರುತ್ತೆ. ಊಟಕ್ಕೆ ಬರದೇ ಇದ್ದ ದಿನಕ್ಕೆ ಮರಾಠಿಯಲ್ಲಿ ಹಾಗಂತಾರೆ, ಅಕ್ಕಾರ ಕನ್ನಡದಲ್ಲೂ ಅದೇ ಪದ ಕೂತುಬಿಟ್ಟಿದೆ. ನಮ್ಮ ಹುಡುಗ ಕೇಳಿದವನೇ "ಎರಡು ದಿನದ ಕೆಲಸ, ತಿಂಗಳ ರೇಟನ್ನ 30ರಿಂದ ಭಾಗಿಸಿ ಖಾಡಾ ಸಂಖ್ಯೆಯಿಂದ ಗುಣಿಸಿ ಕಳೆದರಾಯ್ತು" ಅಂದ. ನನಗೂ ಹಾಗೇ ಅನಿಸಿತ್ತು, ಸುಳ್ಳು ಹೇಳಲ್ಲ.

ಆದ್ರೂ ಒಂದು ಮಾತು ಕೇಳಿಬಿಡೋಣ ಅಂತ ಫೋನ್ ಮಾಡಿದೆ. ಕೇಳಿದ್ದು ತಪ್ಪು ರೀತಿ. "ಅಕ್ಕಾರ, ಅರ್ಧ ದಿನದ ರಜೆ ಬೇಕಾ? ದಿನದ ಲೆಕ್ಕದಲ್ಲಿ ಕಟ್ ಮಾಡೋದಾ? ಕಟ್-ಆಫ್ ಟೈಮ್ ಇರ್ಲಾ?" ಎಲ್ಲಕ್ಕೂ ಒಂದೇ ಉತ್ತರ, "ಹೂಂ ತಮ್ಮಾ, ಅದೂ ಇರ್ಲಿ." ಅವರದ್ದೇನೂ ತಪ್ಪಿಲ್ಲ. ನಾನು ಕೇಳಿದ್ದು ಆ್ಯಪ್‌ನಲ್ಲಿ ಏನೇನಿರಬೇಕು ಅಂತ, ಅದು ಅವರಿಗೆ ಬಡಿಸ್ಲಾ ಬೇಡ್ವಾ ಅನ್ನೋ ಹಾಗೆ ಕೇಳಿಸಿರುತ್ತೆ, ಫ್ರೀಯಾಗಿ ಬರೋದಕ್ಕೆ ಯಾರು ಬೇಡ ಅಂತಾರೆ.

ಆಮೇಲೆ ಒಂದು ದಿನ ಮಧ್ಯಾಹ್ನ ಮೂರಕ್ಕೆ, ಅಡುಗೆಮನೆ ಖಾಲಿ ಇರೋ ಹೊತ್ತಿಗೆ ಹೋಗಿ "ಅಕ್ಕಾರ, ಹೋದ ತಿಂಗಳ ವಹಿ ತೋರಿಸ್ರಿ" ಅಂದೆ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಹಾಳೆ, ಬರದ ದಿನಕ್ಕೆ ಕೆಂಪು ಅಡ್ಡಗೆರೆ. ಒಬ್ಬ ಹುಡುಗನ ಹಾಳೆ ತೆಗೆದು ನಾನೇ ಲೆಕ್ಕ ಹಾಕಿದೆ. ತಿಂಗಳಿಗೆ 3,600 ರೂಪಾಯಿ, ಎರಡು ಹೊತ್ತು ಊಟ, ಐದು ಕೆಂಪು ಗೆರೆ, ಮೊದಲು ಎರಡು ಒಟ್ಟಿಗೆ, ನಡುವೆ ಬಿಟ್ಟು ಮೂರು ಒಟ್ಟಿಗೆ. ನಮ್ಮ ಹುಡುಗನ ಸೂತ್ರದ ಪ್ರಕಾರ ದಿನಕ್ಕೆ 120, ಐದು ದಿನಕ್ಕೆ 600 ಕಡಿಮೆ ಆಗಬೇಕು. ವಹಿಯಲ್ಲಿ ಕಳೆದಿದ್ದು 300.

"ಇದು ಹೆಂಗ್ರೀ?" ಅಂದೆ.

"ಮೊದ್ಲು ಎರಡ ದಿನ ಬಂದಿಲ್ಲ, ಅದನ್ನ ಹಿಡಿಯಂಗಿಲ್ಲ. ಒಂದ ಸಮನ ಮೂರು ದಿನ ಬರ್ಲಿಲ್ಲ ಅಂದ್ರಷ್ಟ ಖಾಡಾ. ಆ ಮೂರಕ್ಕೂ ದಿನಕ್ಕ ನೂರ ಕಳೀತೀನಿ, ನೂರಾ ಇಪ್ಪತ್ತ ಹೆಂಗ ಕಳೀಲಿ? ಅವ ಊರಿಗಿ ಹೋದ್ನಂತ ರೊಟ್ಟಿ ಬಡಿಯೋ ಬಾಯಿ ಪಗಾರ ಕಡಿಮಿ ತೊಗೋತಾಳೇನು?"

ವಾಯ್ಸ್ ಮೆಸೇಜ್‌ನಲ್ಲಿ ಇಲ್ಲದ ಎರಡು ನಿಯಮ ಒಂದೇ ಹಾಳೆಯಲ್ಲಿ ಸಿಕ್ಕವು. ಅಕ್ಕಾರು ಮುಚ್ಚಿಟ್ಟಿದ್ದೇನಲ್ಲ, ಹನ್ನೆರಡು ವರ್ಷದಿಂದ ಹಾಗೇ ಮಾಡ್ತಾ ಬಂದವರಿಗೆ ಅದು ಹೇಳಬೇಕಾದ ವಿಷಯ ಅಂತಾನೇ ಅನಿಸಲ್ಲ. ಹಾಗಾಗಿ ಈಗ ನಾನು ಯಾವ ಕ್ಲೈಂಟ್ ಹತ್ರ ಹೋದ್ರೂ ಮೊದಲು ಅವರ ಹಳೇ ಲೆಕ್ಕ ಒಂದನ್ನ ನಾನೇ ಮಾಡಿ ನೋಡ್ತೀನಿ. ಎಲ್ಲಿ ನನ್ನ ಉತ್ತರ ಅವರದ್ದಕ್ಕೆ ತಾಳೆ ಆಗಲ್ವೋ ಅಲ್ಲೊಂದು ಪ್ರಶ್ನೆ ಇದೆ ಅಂತ ಅರ್ಥ. ತಾಳೆ ಆದ್ರೆ ಇನ್ನೊಂದು ಹಾಳೆ, ಸ್ವಲ್ಪ ಗೊಂದಲದ್ದೇ ಆರಿಸಿಕೊಳ್ಳಬೇಕು, ನೀಟಾಗಿರೋ ಗಿರಾಕಿಯಿಂದ ಏನೂ ಗೊತ್ತಾಗಲ್ಲ.

ಮನೆಗೆ ಬಂದು ಪ್ರಶ್ನೆಗಳನ್ನ ಬೇರೆ ಥರ ಬರೆದೆ. ಪ್ರತಿಯೊಂದರಲ್ಲೂ ಒಬ್ಬ ಮನುಷ್ಯ, ವಾರದ ದಿನ, ಕೊನೆಗೆ "ಎಷ್ಟು ರೂಪಾಯಿ?" ಉದಾಹರಣೆಗೆ, ಸೋಮವಾರ ಮಧ್ಯಾಹ್ನ ಉಂಡು ರಾತ್ರಿ ಬಸ್ಸಿಗೆ ಊರಿಗೆ ಹೋದ, ಗುರುವಾರ ಬೆಳಗ್ಗೆ ಬಂದು ಮಧ್ಯಾಹ್ನ ಊಟಕ್ಕೆ ಕೂತ, ಎಷ್ಟು ಕಳೀತೀರಿ? ಸೊನ್ನೆ ಅಂದರು, ಯಾಕಂದ್ರೆ ಪೂರ್ತಿ ತಪ್ಪಿದ್ದು ಮಂಗಳವಾರ, ಬುಧವಾರ ಎರಡೇ ದಿನ. ಅಂದ್ರೆ ಖಾಡಾ ಲೆಕ್ಕ ದಿನದ್ದು, ಹೊತ್ತಿನದ್ದಲ್ಲ. ಫೋನಲ್ಲಿ "ಅರ್ಧ ದಿನದ ರಜೆ ಬೇಕಾ" ಅಂದಾಗ ಹೂಂ ಅಂದಿದ್ದು ಇದೇ ಅಕ್ಕಾರು ಅನ್ನೋದು ನೆನಪಿರಲಿ. ಕಟ್-ಆಫ್ ಕೂಡ ಹಾಗೇ, ರಾತ್ರಿ ಒಂಬತ್ತೂವರೆಗೆ ಒಬ್ಬ ನಾಳೆ ಬರಲ್ಲ ಅಂದ್ರೆ ಅಂತ ಕೇಳಿದ್ದಕ್ಕೆ "ಎಂಟರೊಳಗ ಹೇಳ್ಬೇಕು, ಆಮ್ಯಾಲ ಹೇಳಿದ್ರ ನಾಳೀದು ಹಿಡಿಯಂಗಿಲ್ಲ, ನಾಡದ್ದರಿಂದ ಲೆಕ್ಕ" ಅಂದರು.

ಒಂದು ಪ್ರಶ್ನೆಗೆ ಮಾತ್ರ ಸಿಕ್ಕಿಕೊಂಡರು. ಹಳೇ ಗಿರಾಕಿ, ಅಪ್ಪನಿಗೆ ಆರಾಮಿಲ್ಲ ಅಂತ ಹೇಳದೇ ಓಡಿಹೋದ, ಎರಡೇ ದಿನ ಆಯ್ತು, ಏನು ಮಾಡ್ತೀರಿ? ಸ್ವಲ್ಪ ಹೊತ್ತು ಸುಮ್ಮನಿದ್ದು "ಅದು ಮುಖಾ ನೋಡಿ ಮಾಡ್ತೀನಿ ತಮ್ಮಾ" ಅಂದರು. ಇಂಥ ಉತ್ತರ ಬಂದಾಗ ಮೊದಲೆಲ್ಲ ನಾನು ಗಟ್ಟಿ ಒಂದು ನಿಯಮ ಹೇಳ್ರಿ ಅಂತ ಬೆನ್ನು ಹತ್ತುತ್ತಿದ್ದೆ, ಅದು ದಡ್ಡತನ. ಇಲ್ಲಿ ನಿಯಮ ಇಲ್ಲ, ಇರೋದೂ ಬೇಡ. ಡೆವಲಪರ್‌ಗೆ ಹೋಗಬೇಕಾದ ಮಾತು ಇಷ್ಟೇ: ಅಕ್ಕಾರು ಕೈಯಿಂದಲೇ ಒಂದು ಮೊತ್ತ ಕಳೆದು ಪಕ್ಕದಲ್ಲಿ ಕಾರಣ ಬರೆಯೋಕೆ ಜಾಗ ಇರಬೇಕು.

ನಮ್ಮ ಹುಡುಗನಿಗೆ ಅಕ್ಕಾರ ಮಾತುಗಳನ್ನ ಹಾಗ್ಹಾಗೇ ಕೊಡಲಿಲ್ಲ, ಇಂಥ ಒಂಬತ್ತು ಉದಾಹರಣೆ, ಪ್ರತಿಯೊಂದಕ್ಕೂ ಅವರು ಹೇಳಿದ ರೂಪಾಯಿ, ಅಷ್ಟನ್ನ ಒಂದು ಶೀಟ್‌ನಲ್ಲಿ ಹಾಕಿ ಕೊಟ್ಟೆ. ಅವನು ಓದಿದವನು ತಾನೇ ಹತ್ತನೇದು ಕೇಳಿದ, ಅದು ನನಗೆ ಹೊಳೆದಿರಲಿಲ್ಲ. 30, 31, ಮತ್ತೆ 1ನೇ ತಾರೀಕು, ಮೂರು ದಿನ ಒಂದೇ ಸಮನೆ, ಆದ್ರೆ ತಿಂಗಳು ಎರಡು. ವಹಿಯಲ್ಲಿ ತಿಂಗಳಿಗೊಂದು ಹಾಳೆ ಅಲ್ವಾ, ಗೆರೆಗಳು ಎರಡು ಹಾಳೆಗೆ ಹಂಚಿಹೋಗ್ತವೆ. ಅಕ್ಕಾರನ್ನ ಕೇಳಿದ್ರೆ ನಕ್ಕುಬಿಟ್ಟರು, ದೀಪಾವಳಿಗೆ ಹಿಂಗಾದ್ರ ಹುಡುಗ್ರು ಜಗಳಾನ ತೆಗೀತಾರ ಅಂತ. ಮೂರೂ ಹಿಡೀಬೇಕು ಅಂದರು. ಆಗಲೇ ಇನ್ನೊಂದೂ ಗೊತ್ತಾಯ್ತು, ರೊಕ್ಕ ಎಲ್ಲಾರೂ 1ನೇ ತಾರೀಕಿಗೆ ಮುಂಗಡ ಕೊಡ್ತಾರೆ, ಹಾಗಾಗಿ ಖಾಡಾ ಕಡಿಮೆ ಆಗೋದು ಮುಂದಿನ ತಿಂಗಳ ಬಿಲ್ಲಿನಲ್ಲಿ, ಮೆಸ್ ಬಿಟ್ಟು ಹೋಗೋನಿಗೆ ವಾಪಸ್ ಏನೂ ಇಲ್ಲ.

ಈ ಎರಡು ಉತ್ತರದಿಂದ ಡೇಟಾಬೇಸೇ ಬದಲಾಯ್ತು. ತಿಂಗಳಿಗೆ ಎಷ್ಟು ಖಾಡಾ ಅಂತ ಒಂದು ಸಂಖ್ಯೆ ಇಡೋದು ಅವನ ಮೊದಲ ಪ್ಲಾನು. ಅದರಲ್ಲಿ ಯಾವ ದಿನಗಳು ಒಂದಕ್ಕೊಂದು ಅಂಟಿಕೊಂಡಿವೆ ಅಂತ ತಿಳಿಯೋದೇ ಇಲ್ಲ. ಈಗ ಪ್ರತಿ ಖಾಡಾಕ್ಕೂ ಅದರ ತಾರೀಕು, ಹೇಳಿದ ಸಮಯ ಬೇರೆ ಬೇರೆ ಸಾಲಲ್ಲಿ ಇದೆ, 100 ರೂಪಾಯಿ ಮತ್ತು ಮೂರು ದಿನ ಅನ್ನೋದು ಸೆಟ್ಟಿಂಗ್‌ನಲ್ಲಿದೆ, ನಾಳೆ 110 ಮಾಡಿದ್ರೂ ಹಳೇ ಬಿಲ್ಲು ಅಲುಗಲ್ಲ. ಎರಡು ದಿನದ ಕೆಲಸ ಎಂಟು ದಿನ ಆಯ್ತು, ನಮ್ಮ ರೇಟ್ ಕೂಡ ಹೆಚ್ಚಾಗುತ್ತೆ ಅಂತ ಅಕ್ಕಾರಿಗೆ ಮೊದಲೇ ಹೇಳಿದ್ವಿ, ಸ್ವಲ್ಪ ಗೊಣಗಿದರು.

ಕೊಡೋ ಮುಂಚೆ ಹಳೇ ವಹಿಯ ಹನ್ನೆರಡು ಹಾಳೆ ಆ್ಯಪ್‌ಗೆ ತುಂಬಿ ನೋಡಿದ್ವಿ. ಹನ್ನೊಂದು ತಾಳೆ ಆದವು, ಒಂದರಲ್ಲಿ ನೂರು ರೂಪಾಯಿ ಫರಕು. ನಮ್ಮ ಹುಡುಗ ಅರ್ಧ ದಿನ ಕೋಡ್ ಜಾಲಾಡಿದ. ಕೊನೆಗೆ ಅಕ್ಕಾರೇ ಕನ್ನಡಕ ಹಾಕಿಕೊಂಡು ಹಾಳೆ ನೋಡಿ "ಅಯ್ಯ, ಇಲ್ಲಿ ನಾನಾ ತಪ್ಪ ಎಣಿಸೀನಿ" ಅಂತ ಅಂದು, ಆ ಹಾಳೆಯ ಗಿರಾಕಿಗೆ ಫೋನ್ ಮಾಡೋಕೆ ಎದ್ದರು.