ಚಿಕ್ಕ ಅಂಗಡಿಯ ಲೀಸ್ ಡೀಡ್: ನೀವು ಬರೀದೇ ಬಿಟ್ಟಿದ್ದನ್ನ ಕಾನೂನೇ ತುಂಬುತ್ತೆ

"ಸರ್, ಒಂದು ಚಿಕ್ಕ ಅಂಗಡಿಗೆ ಲೀಸ್ ಡೀಡ್ ಡ್ರಾಫ್ಟ್ ಮಾಡಿ ಅಂದ್ರೆ ಯಾವ್ಯಾವ ಷರತ್ತು ಹಾಕ್ಲೇಬೇಕು?"

ಫಾರ್ಮ್ಯಾಟ್ ಹುಡುಕೋಕೆ ಮುಂಚೆ ಆಸ್ತಿ ವರ್ಗಾವಣೆ ಕಾಯ್ದೆ 1882ರ ಸೆಕ್ಷನ್ 108 ಒಂದ್ಸಲ ಪೂರ್ತಿ ಓದಿ. ವ್ಯತಿರಿಕ್ತ ಕರಾರು ಇಲ್ಲದಿದ್ರೆ ಮಾಲೀಕನಿಗೂ ಬಾಡಿಗೆದಾರನಿಗೂ ಏನೇನು ಹಕ್ಕು ಅಂತ ಅಲ್ಲಿದೆ, ಅಂದ್ರೆ ನೀವು ಏನನ್ನ ಬರೀದೇ ಬಿಡ್ತೀರೋ ಅಲ್ಲಿ ಆ ಸೆಕ್ಷನ್ ಬಂದು ಕೂರುತ್ತೆ, ಹಾಗಾಗಿ ಎಲ್ಲಿ ಅದು ನಿಮ್ಮ ಕಕ್ಷಿದಾರನಿಗೆ ಆಗಿಬರಲ್ವೋ ಅಲ್ಲೆಲ್ಲ ಒಂದು ಷರತ್ತು ಬೇಕೇ ಬೇಕು.

ಒಂದು ಉದಾಹರಣೆ ಇಟ್ಕೊಳ್ಳೋಣ. ತುಮಕೂರಲ್ಲಿ 10 ಅಡಿಗೆ 18 ಅಡಿಯ ಮಳಿಗೆ, ಸ್ಟೇಷನರಿ ಅಂಗಡಿಗೆ, ತಿಂಗಳಿಗೆ 12,000 ಬಾಡಿಗೆ, ಒಂದೂವರೆ ಲಕ್ಷ ಅಡ್ವಾನ್ಸ್, 3 ವರ್ಷ, ವರ್ಷಕ್ಕೆ 5% ಏರಿಕೆ. ಇದನ್ನ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿ ಇಟ್ಕೊಂಡ್ರು ಅನ್ಕೊಳ್ಳಿ. ಸೆಕ್ಷನ್ 107ರ ಪ್ರಕಾರ ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗ್ಲೇಬೇಕು, ಮಾಲೀಕ ಬಾಡಿಗೆದಾರ ಇಬ್ರೂ ಸಹಿ ಹಾಕಿರ್ಬೇಕು. ಆಗಿಲ್ಲ ಅಂದ್ರೆ ನೋಂದಣಿ ಕಾಯ್ದೆಯ ಸೆಕ್ಷನ್ 49 ಅಡ್ಡ ಬರುತ್ತೆ, ಆ 3 ವರ್ಷದ ಅವಧಿಯನ್ನ ಆ ಪತ್ರದಿಂದ ರುಜುವಾತು ಮಾಡೋಕಾಗಲ್ಲ, ಉಳಿಯೋದು ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 106ರ ತಿಂಗಳಿಂದ ತಿಂಗಳಿಗೆ ನಡೆಯೋ ಬಾಡಿಗೆ ಅಷ್ಟೆ, ಅದನ್ನ 15 ದಿನದ ನೋಟಿಸ್‌ನಲ್ಲಿ ಮುಗಿಸಬಹುದು. ಎರಡು ಲಕ್ಷ ಹಾಕಿ ರ್‍ಯಾಕು ಕೌಂಟರ್ ಮಾಡಿಸಿದ ಅಂಗಡಿಯವನ ಗತಿ ಯೋಚಿಸಿ! ಎಲ್ರೂ 11 ತಿಂಗಳು ಅಂತ ಬರೆಸೋದು ನೋಂದಣಿ ತಪ್ಪಿಸೋಕೆ, ಅದು ತಪ್ಪೇನಲ್ಲ, ಆದ್ರೆ ಹಾಗೆ ಮಾಡಿದ್ರೆ ಸಿಗೋ ಭದ್ರತೆಯೂ 11 ತಿಂಗಳಿಗೇ ಅಂತ ಕಕ್ಷಿದಾರನಿಗೆ ಬಾಯಿಬಿಟ್ಟು ಹೇಳಿ.

ಬಾಡಿಗೆ ಷರತ್ತಲ್ಲಿ "ಪ್ರತಿ ವರ್ಷ 5% ಹೆಚ್ಚಳ" ಅಂತ ಬರೆದು ಸುಮ್ನಾಗ್ಬೇಡಿ. ಮೂಲ ಬಾಡಿಗೆ ಮೇಲಾ, ಹಿಂದಿನ ವರ್ಷದ್ದರ ಮೇಲಾ? ಮೂರನೇ ವರ್ಷ ಒಂದು ಲೆಕ್ಕದಲ್ಲಿ 13,200, ಇನ್ನೊಂದರಲ್ಲಿ 13,230. ತಿಂಗಳಿಗೆ 30 ರೂಪಾಯಿ ವ್ಯತ್ಯಾಸ ಅಷ್ಟೇ ನಿಜ, ಆದ್ರೆ ಬಾಕಿ ಎಷ್ಟು ಅಂತ ನೋಟಿಸ್‌ನಲ್ಲಿ ಬರೆಯೋವಾಗ ಅದೇ ತಕರಾರಾಗುತ್ತೆ. ಮೂರೂ ವರ್ಷದ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಬರೆದುಬಿಡಿ.

ಈಗ ಸೆಕ್ಷನ್ 108ಕ್ಕೆ ಬನ್ನಿ. ನೀವು ಬೇಡ ಅಂತ ಬರೀದಿದ್ರೆ ಬಾಡಿಗೆದಾರ ಅಂಗಡಿಯನ್ನ ಇನ್ನೊಬ್ಬನಿಗೆ ಒಳಬಾಡಿಗೆಗೆ ಕೊಡಬಹುದು. ಮಾಲೀಕನ ಪರ ಬರೀತಿದ್ರೆ ಹೀಗೆ ಬರೀರಿ: "ಬಾಡಿಗೆದಾರರು ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಷೆಡ್ಯೂಲು ಸ್ವತ್ತನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಒಳಬಾಡಿಗೆಗೆ ಕೊಡತಕ್ಕದ್ದಲ್ಲ, ಸ್ಟೇಷನರಿ ವ್ಯಾಪಾರ ಹೊರತು ಬೇರೆ ಉದ್ದೇಶಕ್ಕೆ ಬಳಸತಕ್ಕದ್ದಲ್ಲ." ಬಾಡಿಗೆದಾರನ ಪರ ಇದ್ರೆ ಅವನು ಹಾಕಿದ ರ್‍ಯಾಕು, ಎಸಿ, ಬೋರ್ಡು ಬಿಡುವಾಗ ತಗೊಂಡು ಹೋಗ್ಬಹುದು ಅಂತ ಪಟ್ಟಿ ಸಮೇತ ಬರೀರಿ, ಕಾಯ್ದೆಯಲ್ಲೂ ಆ ಹಕ್ಕಿದೆ ಆದ್ರೆ ಪಟ್ಟಿ ಇಲ್ಲದಿದ್ರೆ ಯಾವುದು ಯಾರದ್ದು ಅಂತ ಜಗಳ ಗ್ಯಾರಂಟಿ. ಅಡ್ವಾನ್ಸ್ ವಾಪಸ್ ಕೊಡೋದು ಕೀ ಕೊಟ್ಟ ದಿನವೇ, ಯಾವ್ಯಾವ ಬಾಕಿ ಮುರ್ಕೊಂಡು ಅನ್ನೋದೂ ಅಲ್ಲೇ ಇರ್ಲಿ.

ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯೋದು ಮರುಪ್ರವೇಶದ ಷರತ್ತು. ಬಾಡಿಗೆ ಕೊಡದಿದ್ರೆ ಲೀಸ್ ತಾನಾಗೇ ಬಿದ್ದುಹೋಗಲ್ಲ. ಸೆಕ್ಷನ್ 111(ಜಿ) ಪ್ರಕಾರ ಇಂಥ ಷರತ್ತು ಮುರಿದ್ರೆ ಮಾಲೀಕ ಮರುಪ್ರವೇಶ ಮಾಡಬಹುದು ಅಂತ ಪತ್ರದಲ್ಲೇ ಸ್ಪಷ್ಟವಾಗಿ ಇರ್ಬೇಕು, ಆಮೇಲೆ ಲೀಸ್ ಮುಗಿಸ್ತೀನಿ ಅಂತ ಲಿಖಿತ ನೋಟಿಸ್ ಬೇರೆ ಕೊಡ್ಬೇಕು. "ಸತತ ಎರಡು ತಿಂಗಳ ಬಾಡಿಗೆ ಬಾಕಿ ಉಳಿದಲ್ಲಿ ಮಾಲೀಕರು ಲಿಖಿತ ನೋಟಿಸ್ ನೀಡಿ ಗುತ್ತಿಗೆಯನ್ನು ಅಂತ್ಯಗೊಳಿಸಿ ಸ್ವತ್ತನ್ನು ಮರುಪ್ರವೇಶಿಸಲು ಹಕ್ಕುಳ್ಳವರಾಗಿರುತ್ತಾರೆ" ಅಂದ್ರೆ ಸಾಕು. ಇಷ್ಟಿದ್ರೂ ಕೋರ್ಟಲ್ಲಿ ಬಾಡಿಗೆದಾರ ಬಾಕಿ, ಬಡ್ಡಿ, ಖರ್ಚು ಎಲ್ಲ ಕಟ್ಟಿದ್ರೆ ಸೆಕ್ಷನ್ 114ರ ಕೆಳಗೆ ಕೋರ್ಟು ಅವನನ್ನ ಉಳಿಸಬಹುದು. ಮರುಪ್ರವೇಶ ಅಂದ ಮಾತ್ರಕ್ಕೆ ರಾತ್ರಿ ಹೋಗಿ ಶಟರ್‌ಗೆ ಬೀಗ ಜಡಿಯೋದಲ್ಲ, ಹಾಗೆ ಹೊರಹಾಕಿದ್ರೆ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6ರಲ್ಲಿ ಅವನು 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು.

ಇನ್ನು ಷೆಡ್ಯೂಲು. ಚೆಕ್ಕುಬಂದಿ ಜೊತೆ ಅಳತೆಯನ್ನ ಟೇಪ್ ಹಿಡಿದೇ ಬರೀರಿ, ಯಾಕಂದ್ರೆ 14 ಚದರ ಮೀಟರ್ ಮೀರಿದ ವಾಣಿಜ್ಯ ಮಳಿಗೆಗೆ ಕರ್ನಾಟಕ ಬಾಡಿಗೆ ಕಾಯ್ದೆ 1999 ಅನ್ವಯಿಸಲ್ಲ. ನಮ್ಮ 180 ಚದರ ಅಡಿ ಅಂದ್ರೆ 16.7 ಚದರ ಮೀಟರ್, ಅದು ಹೊರಗೆ. ಅದೇ ಮಳಿಗೆ 10 ಅಡಿಗೆ 12 ಅಡಿ ಆಗಿದ್ರೆ ಸುಮಾರು 11 ಚದರ ಮೀಟರ್ ಅಷ್ಟೆ, ಆಗ ಆ ಕಾಯ್ದೆಯ ಬಾಡಿಗೆ ಮಿತಿಯನ್ನೂ ನೋಡಿ ತೀರ್ಮಾನಿಸ್ಬೇಕು, ಅದು ಅನ್ವಯಿಸಿದ್ರೆ ಖಾಲಿ ಮಾಡಿಸೋಕೆ ಅದರಲ್ಲಿ ಹೇಳಿರೋ ಕಾರಣಗಳಲ್ಲಿ ಒಂದನ್ನ ತೋರಿಸ್ಬೇಕಾಗುತ್ತೆ, ಬರೀ ಅವಧಿ ಮುಗೀತು ಅಂದ್ರೆ ನಡೆಯಲ್ಲ.